ಕೋಣೆಯ ಬಾಡಿಗೆಯೂ ಕಡಿತದ ಲೆಕ್ಕವೂ

ಕಾಸರಗೋಡಿನ ಕಡೆಯ ನಮಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು. ತಲಪಾಡಿ ದಾಟಿದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ಖರ್ಚು, ಖರ್ಚೆಂದರೆ ಅಡಿಕೆ ಮಾರಿದ ಹಣ ಅಥವಾ ಸೊಸೈಟಿಯ ಸಾಲ. ಇದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದ ಕ್ರಮ. ಈಚಿನ ವರುಷಗಳಲ್ಲಿ ಇದಕ್ಕೆ ಆರೋಗ್ಯ ವಿಮೆಯೆಂಬ ಇನ್ನೊಂದು ದಾರಿ ಸೇರಿಕೊಂಡಿದೆ. ವಿಮೆಯ ಕಾರ್ಡು ತೋರಿಸಿದರೆ ಕೈಯಿಂದ ಹಣ ಕಟ್ಟಬೇಕಿಲ್ಲ, ಕಂಪೆನಿಯೇ ಆಸ್ಪತ್ರೆಗೆ ನೇರವಾಗಿ ಕೊಡುತ್ತದೆ ಎಂಬ ‘ಕ್ಯಾಶ್‌ಲೆಸ್’ ವ್ಯವಸ್ಥೆ ಈಗ ನಮ್ಮ ಹಳ್ಳಿಗಳಿಗೂ ಪರಿಚಿತವಾದ ಮಾತು. ಆದರೆ ಕಂಪೆನಿ ಒಪ್ಪಿದ ಹಣಕ್ಕೂ ಆಸ್ಪತ್ರೆಯ ಬಿಲ್ಲಿಗೂ ನಡುವೆ ಒಂದು ಅಂತರ ಉಳಿಯುವುದುಂಟು. ಆ ಅಂತರ ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ನ್ಯಾಯವಾದುದೆಷ್ಟು, ಅಲ್ಲದ್ದೆಷ್ಟು ಎಂಬುದನ್ನು ಕಳೆದ ಮಳೆಗಾಲದಲ್ಲಿ ನಾವು ಒಂದು ಮೇಜಿನ ಮುಂದೆ ಕುಳಿತು ಕಲಿಯಬೇಕಾಯಿತು.

ಅಂಗಳದ ಪಾಚಿಯಲ್ಲಿ ಕಾಲು ಜಾರಿ ನಮ್ಮ ಅಮ್ಮ ಬಿದ್ದರು. ವಯಸ್ಸು ಅರುವತ್ತೆಂಟು. ಸೊಂಟದ ಬಳಿ ತೊಡೆಯ ಎಲುಬು ಮುರಿದಿತ್ತು. ನಾವಿಬ್ಬರು ಅಣ್ಣತಮ್ಮಂದಿರು ಅವರನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆ ಸೇರುವಾಗ ರಾತ್ರಿ ಹತ್ತು ಗಂಟೆ. ಆಗ ಖಾಲಿಯಿದ್ದದ್ದು ದಿನಕ್ಕೆ 5,000 ರೂಪಾಯಿಯ ಒಂದೇ ಕೋಣೆ. ನೋವಿನಿಂದ ನರಳುವವರನ್ನು ಇಟ್ಟುಕೊಂಡು ಬೇರೆ ಯೋಚನೆಗೆ ಎಡೆಯಿರಲಿಲ್ಲ. 20,000 ರೂಪಾಯಿ ಮುಂಗಡ ಕಟ್ಟಿದೆವು. ಅಮ್ಮನ ವಿಮಾ ಕಾರ್ಡನ್ನೂ ಆಧಾರ್ ಪ್ರತಿಯನ್ನೂ ವಿಮೆಯ ಕೌಂಟರಿಗೆ ಕೊಟ್ಟೆವು. ಮರುದಿನ ಶಸ್ತ್ರಚಿಕಿತ್ಸೆಯಾಗಿ ಮುರಿದ ಭಾಗಕ್ಕೆ ಕೃತಕ ಕೀಲನ್ನು ಜೋಡಿಸಿದರು. ಅದೇ ದಿನ ಕಂಪೆನಿಯಿಂದ 80,000 ರೂಪಾಯಿಯ ಮಂಜೂರಾತಿ ಬಂತು. ಇದು ಮೊದಲ ಕಂತಿನ ಅಂದಾಜು ಮಾತ್ರ, ಅಂತಿಮ ಬಿಲ್ಲು ಕಳಿಸಿದ ಮೇಲೆ ಉಳಿದದ್ದು ತೀರ್ಮಾನವಾಗುತ್ತದೆ ಎಂದು ಕೌಂಟರಿನವರು ತಿಳಿಸಿದರು. ಮೂರು ಲಕ್ಷದ ಪಾಲಿಸಿ ಇರುವಾಗ ಬಿಲ್ಲು ಎರಡು ಲಕ್ಷವನ್ನೂ ಮುಟ್ಟಲಾರದೆಂಬ ಧೈರ್ಯ ನಮಗಿತ್ತು.

ಐದು ದಿನಗಳಾದ ಮೇಲೆ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದರು. ಬೆಳಗ್ಗೆ ಹನ್ನೊಂದಕ್ಕೆ ಅಂತಿಮ ಬಿಲ್ಲು ಕಂಪೆನಿಗೆ ಹೋಯಿತು. ಒಂದೂವರೆಗೆ ಉತ್ತರ ಬಂತು. ಬಿಲ್ಲು 1,75,000, ಕಂಪೆನಿ ಒಪ್ಪಿದ್ದು 1,02,000. ಉಳಿದ 73,000 ನಮ್ಮದು. ಮುಂಗಡ ಕಳೆದು ಇನ್ನೂ 53,000 ರೂಪಾಯಿ ಕಟ್ಟಿದರೆ ಬಿಡುಗಡೆಯ ಚೀಟಿ.

ಅಷ್ಟು ಹಣ ನಮ್ಮ ಕೈಯಲ್ಲಿರಲಿಲ್ಲ. ಬಿಲ್ಲಿನ ವಿವರ ತಿಳಿಯಬೇಕೆಂದು ಕೇಳಿದಾಗ ನಮ್ಮನ್ನು ಒಳಗೆ ಕರೆದು ಕುಳ್ಳಿರಿಸಿದವರು ಬಿಲ್ಲಿಂಗ್ ವಿಭಾಗದ ಒಬ್ಬ ನಡುವಯಸ್ಸಿನ ಮಹಿಳೆ. ಮೊದಲು ತುಳುವಿನಲ್ಲಿ ಊರು ಕೇಳಿದರು. ಊರು ಹೇಳಿದ ಮೇಲೆ ಕನ್ನಡಕ್ಕೆ ಹೊರಳಿ, “ಸರ್, ಬಿಲ್ಲಿನ ಮೊತ್ತ ನೋಡಿದರೆ ತಲೆ ತಿರುಗುತ್ತದೆ. ಒಂದೊಂದೇ ಬಾಬ್ತು ನೋಡುವ, ಆಗ ಸರಿಯಾಗಿ ಗೊತ್ತಾಗುತ್ತದೆ” ಎಂದರು. ಹತ್ತಾರು ಪುಟಗಳ ಬಿಲ್ಲನ್ನು ಅವರು ಒಂದು ಹಾಳೆಯ ಮೇಲೆ ಆರು ಸಾಲಿಗೆ ಇಳಿಸಿದರು. ಶುಶ್ರೂಷೆಯೂ ಸೇರಿ ಕೋಣೆಯ ಬಾಡಿಗೆ ಐದು ದಿನಕ್ಕೆ 25,000. ಶಸ್ತ್ರವೈದ್ಯರು, ಅರಿವಳಿಕೆಯ ವೈದ್ಯರು, ಆಪರೇಷನ್ ಥಿಯೇಟರು, ವೈದ್ಯರ ದಿನದಿನದ ಭೇಟಿ, ಇವೆಲ್ಲ ಸೇರಿ 70,000. ಕೃತಕ ಕೀಲು 40,000. ಔಷಧ ಮತ್ತು ಶಸ್ತ್ರಚಿಕಿತ್ಸೆಗೆ ಬಳಸಿದ ಸಾಮಗ್ರಿ 24,000. ರಕ್ತಪರೀಕ್ಷೆ, ಎಕ್ಸ್‌ರೇ ಮೊದಲಾದ ತಪಾಸಣೆ 11,000. ಕೊನೆಗೆ ‘ಇತರ’ ಎಂಬ 5,000.

ಅವರು ಮೊದಲು ಕೊನೆಯ ಸಾಲನ್ನೇ ಎತ್ತಿಕೊಂಡರು. ನಡೆಯಲು ಹಿಡಿದುಕೊಳ್ಳುವ ವಾಕರು 1,500, ಡೈಪರು 1,400, ಕೈಗವಸು ಮತ್ತು ಮುಖಗವಸು 1,300, ರೋಗಿಯ ಜತೆಗಿದ್ದವರ ಊಟ 800. ಇಂಥವುಗಳನ್ನು ವಿಮೆ ಭರಿಸುವುದಿಲ್ಲ. ಪಾಲಿಸಿ ಪುಸ್ತಕದ ಕೊನೆಯಲ್ಲಿ ಇವುಗಳ ಪಟ್ಟಿಯೇ ಇರುತ್ತದೆ. ಅರುವತ್ತೆಂಟು ವಸ್ತುಗಳ ಪಟ್ಟಿ. ಇಂಥ ವಸ್ತುಗಳಿಗೂ ಹಣ ಕೊಡುವೆವೆಂದು ಹೆಚ್ಚಿನ ಕಂತು ತೆಗೆದುಕೊಳ್ಳುವ ಪಾಲಿಸಿಗಳು ಇವೆ, ನಮ್ಮದು ಅಂಥದಲ್ಲ. ಈ 5,000ದ ಬಗ್ಗೆ ವಾದಕ್ಕೆ ಎಡೆಯಿರಲಿಲ್ಲ. ಆದರೆ 73,000ದಲ್ಲಿ ಇದು ಸಣ್ಣ ಪಾಲು. ಉಳಿದ 68,000 ಎಲ್ಲಿಂದ ಬಂತು?

ಅವರು ಕಂಪೆನಿಯ ಪತ್ರದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಅರ್ಥ, ‘ಅರ್ಹತೆಗಿಂತ ಮೇಲಿನ ಕೋಣೆ ಪಡೆದುದರಿಂದ ಅನುಪಾತದ ಕಡಿತ’ ಎಂದು. ನಮ್ಮ ಪಾಲಿಸಿಯಲ್ಲಿ ಕೋಣೆಯ ಬಾಡಿಗೆಗೆ ಒಂದು ಮಿತಿ ಇದೆ. ದಿನವೊಂದಕ್ಕೆ ವಿಮಾ ಮೊತ್ತದ ಶೇಕಡಾ ಒಂದು. ಮೂರು ಲಕ್ಷಕ್ಕೆ ಶೇಕಡಾ ಒಂದೆಂದರೆ 3,000. ನಾವಿದ್ದದ್ದು 5,000ದ ಕೋಣೆ.

“ಹಾಗಾದರೆ ದಿನಕ್ಕೆ ಎರಡು ಸಾವಿರ ಹೆಚ್ಚಾಯಿತು. ಐದು ದಿನಕ್ಕೆ ಹತ್ತು ಸಾವಿರ. ಅದನ್ನು ನಾವು ಕಟ್ಟುವುದು ಸರಿ. ಉಳಿದದ್ದು ಯಾಕೆ?” ಎಂದು ಅಣ್ಣ ಕೇಳಿದ.

“ಎಲ್ಲರೂ ಇದನ್ನೇ ಕೇಳುವುದು ಸರ್. ಬಾಡಿಗೆಯ ವ್ಯತ್ಯಾಸ ಮಾತ್ರ ಕೊಟ್ಟರೆ ಮುಗಿಯುವುದಿಲ್ಲ. ಕೋಣೆಯ ತರಗತಿ ಮೇಲೆ ಹೋದರೆ ವೈದ್ಯರ ಫೀಸು, ಥಿಯೇಟರಿನ ಬಾಡಿಗೆ ಎಲ್ಲ ಮೇಲೆ ಹೋಗುತ್ತದೆ. ಅದಕ್ಕೆ ಅವರು ಅವನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತಾರೆ” ಎಂದು ಅವರು ತಮ್ಮ ಆಸ್ಪತ್ರೆಯ ದರಪಟ್ಟಿಯನ್ನು ಬಿಡಿಸಿ ತೋರಿಸಿದರು. ಒಂದೇ ಶಸ್ತ್ರಚಿಕಿತ್ಸೆ, ಒಬ್ಬರೇ ವೈದ್ಯರು, ಒಂದೇ ಥಿಯೇಟರು. ಆದರೂ ರೋಗಿ ಯಾವ ಕೋಣೆಯವರೆಂಬುದರ ಮೇಲೆ ದರ ಬೇರೆ ಬೇರೆ. ನಮಗೆ 70,000 ಹಾಕಿದ ಬಾಬ್ತುಗಳಿಗೆ 3,000ದ ಕೋಣೆಯವರಿಗಾದರೆ 60,000 ಆಗುತ್ತಿತ್ತು.

ಇಲ್ಲಿ ಲೆಕ್ಕದ ಸೂಕ್ಷ್ಮವೊಂದಿದೆ. ದರಪಟ್ಟಿಯ ಪ್ರಕಾರ ದೊಡ್ಡ ಕೋಣೆಯಿಂದಾಗಿ ಹೆಚ್ಚಾದದ್ದು 10,000 ಮಾತ್ರ. ಆದರೆ ಕಂಪೆನಿ ಕಳೆಯುವುದು ಆ ಹತ್ತು ಸಾವಿರವನ್ನಲ್ಲ. ಅರ್ಹತೆಯ ಬಾಡಿಗೆಯನ್ನು ನಿಜವಾದ ಬಾಡಿಗೆಯಿಂದ ಭಾಗಿಸುತ್ತದೆ. ಮೂರನ್ನು ಐದರಿಂದ ಭಾಗಿಸಿದರೆ ಶೇಕಡಾ ಅರುವತ್ತು. 70,000ದಲ್ಲಿ ಶೇಕಡಾ ಅರುವತ್ತು, ಅಂದರೆ 42,000 ಕೊಡುತ್ತದೆ; 28,000 ಕಳೆಯುತ್ತದೆ. ಪಾಲಿಸಿಯ ಷರತ್ತಿನಲ್ಲಿ ಇರುವುದೇ ಹಾಗೆ. ಆದ್ದರಿಂದ ದಿನಕ್ಕೆ ಎರಡು ಸಾವಿರ ಹೆಚ್ಚಿನ ಕೋಣೆಗೆ ನಾವು ತೆತ್ತದ್ದು ಹತ್ತು ಸಾವಿರವಲ್ಲ. ಬಾಡಿಗೆಯಲ್ಲಿ ಹತ್ತು ಸಾವಿರ, ಅದರ ಬೆನ್ನಿಗೆ ಇಪ್ಪತ್ತೆಂಟು ಸಾವಿರ, ಒಟ್ಟು 38,000. ರಾತ್ರಿ ಬೇರೆ ಕೋಣೆ ಖಾಲಿಯಿರಲಿಲ್ಲವೆಂದು ಆಸ್ಪತ್ರೆಯವರು ಬರೆದುಕೊಡಬಹುದಾದರೂ ಕಂಪೆನಿ ಅದನ್ನು ಒಪ್ಪಲೇಬೇಕೆಂದಿಲ್ಲ ಎಂದು ಅವರು ತಿಳಿಸಿದರು.

ಈ ಹಂತದಲ್ಲಿ ನಾವು ಅವರ ಹಾಳೆಯ ಮೇಲೆಯೇ ಕೂಡಿ ನೋಡಿದೆವು. ವಿಮೆಗೆ ಸೇರದ ವಸ್ತುಗಳು 5,000, ಬಾಡಿಗೆಯ ಹೆಚ್ಚಳ 10,000, ವೈದ್ಯರು ಮತ್ತು ಥಿಯೇಟರಿನ ಕಡಿತ 28,000. ಮೂರೂ ಸೇರಿದರೆ 43,000. ಆದರೆ ಪತ್ರದಲ್ಲಿ ಕಳೆದದ್ದು 73,000. ಇನ್ನೂ ಮೂವತ್ತು ಸಾವಿರಕ್ಕೆ ಕಾರಣ ದೊರೆಯಲಿಲ್ಲ.

ಮೇಜಿನಾಚೆಯ ಮಹಿಳೆ ಕನ್ನಡಕ ಸರಿಪಡಿಸಿಕೊಂಡು ಪತ್ರವನ್ನು ಮತ್ತೊಮ್ಮೆ ನೋಡಿದರು. ಬಳಿಕ ಕ್ಯಾಲ್ಕುಲೇಟರಿನಲ್ಲಿ ಒಂದೇ ಒಂದು ಲೆಕ್ಕ ಮಾಡಿದರು. ಬಿಲ್ಲಿನ 1,75,000ದಿಂದ ವಿಮೆಗೆ ಸೇರದ 5,000 ತೆಗೆದರೆ 1,70,000. ಕಂಪೆನಿ ಒಪ್ಪಿದ 1,02,000ವನ್ನು ಅದರಿಂದ ಭಾಗಿಸಿದರು. ಸರಿಯಾಗಿ ಶೇಕಡಾ ಅರುವತ್ತು ಬಂತು. ಒಂದು ರೂಪಾಯಿ ಆಚೀಚೆ ಇಲ್ಲ. “ಇದೇ ಗುರುತು ಸರ್. ಇಡೀ ಬಿಲ್ಲಿಗೆ ಒಟ್ಟಾಗಿ ಅರುವತ್ತು ಹಾಕಿದ್ದಾರೆ. ಹಾಗೆ ಹಾಕಲಿಕ್ಕಿಲ್ಲ” ಎಂದರು.

ಯಾಕೆ ಹಾಗೆ ಹಾಕಬಾರದು ಎಂಬುದೇ ಈ ಬರಹದ ತಿರುಳು. ಕೃತಕ ಕೀಲಿನ ಬೆಲೆ ಕೋಣೆಯನ್ನು ನೋಡಿ ಏರುವುದಿಲ್ಲ. ಔಷಧದ ಬಾಟಲಿಯ ಮೇಲೆ ಅಚ್ಚಾದ ಬೆಲೆ ಜನರಲ್ ವಾರ್ಡಿನವರಿಗೂ ಒಂದೇ, ನಮಗೂ ಒಂದೇ. ಆದ್ದರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅನುಪಾತದ ಕಡಿತಕ್ಕೆ ಒಂದು ಬೇಲಿ ಹಾಕಿತು. ಔಷಧ ಮತ್ತು ಬಳಕೆಯ ಸಾಮಗ್ರಿ, ದೇಹದೊಳಗೆ ಜೋಡಿಸುವ ಉಪಕರಣಗಳು, ತಪಾಸಣೆಯ ವೆಚ್ಚ, ಇವು ಮೂರನ್ನೂ ಈ ಕಡಿತದಿಂದ ಹೊರಗಿಟ್ಟಿತು. ತೀವ್ರನಿಗಾ ಘಟಕದ ಬಾಡಿಗೆಗೂ ಈ ಕಡಿತ ಸಲ್ಲದೆಂದಿತು. ಕೋಣೆಗೊಂದು ದರವಿಲ್ಲದೆ ಎಲ್ಲರಿಗೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಈ ಕಡಿತವೇ ಕೂಡದೆಂದೂ ಹೇಳಿತು. ಅಂದಿನಿಂದ ಪಾಲಿಸಿಗಳಲ್ಲಿ ‘ಸಂಬಂಧಿತ ವೈದ್ಯಕೀಯ ವೆಚ್ಚ’ ಎಂಬ ಅರ್ಥದ ಒಂದು ವ್ಯಾಖ್ಯೆ ಬಂದಿದೆ. ಯಾವ ಬಾಬ್ತಿನಿಂದ ಅನುಪಾತದಲ್ಲಿ ಕಳೆಯಬಹುದು, ಯಾವುದರಿಂದ ಕಳೆಯಬಾರದು ಎಂಬುದನ್ನು ಅದು ಹೇಳುತ್ತದೆ. ನಮ್ಮ ಪಾಲಿಸಿಯಲ್ಲಿಯೂ ಅದು ಇತ್ತು. ತಮ್ಮನ ಮೊಬೈಲಿನಲ್ಲಿದ್ದ ಪ್ರತಿಯನ್ನು ತೆರೆದು ಅವರೇ ಆ ಪುಟ ಹುಡುಕಿಕೊಟ್ಟರು.

ಈಗ ಲೆಕ್ಕ ಸ್ಪಷ್ಟವಾಯಿತು. ಕೃತಕ ಕೀಲು 40,000, ಔಷಧ ಮತ್ತು ಸಾಮಗ್ರಿ 24,000, ತಪಾಸಣೆ 11,000, ಒಟ್ಟು 75,000. ಇದರಲ್ಲಿ ಶೇಕಡಾ ನಲುವತ್ತು ಕಳೆದಿದ್ದಾರೆ. ಎಪ್ಪತ್ತೈದು ಸಾವಿರದ ಶೇಕಡಾ ನಲುವತ್ತೆಂದರೆ ಮೂವತ್ತು ಸಾವಿರ. ಕಾರಣ ಕಾಣದೆ ಉಳಿದಿದ್ದ ಮೂವತ್ತು ಸಾವಿರ ಇದೇ.

ಅವರು ಸಿಟ್ಟಿನ ಪತ್ರ ಬರೆಯಲು ಹೇಳಲಿಲ್ಲ. ಕಂಪೆನಿಯ ಪರವಾಗಿ ಬಿಲ್ಲು ಪರಿಶೀಲಿಸುವುದು ಟಿ.ಪಿ.ಎ. ಎಂಬ ಮಧ್ಯವರ್ತಿ ಸಂಸ್ಥೆ. ಆ ಸಂಸ್ಥೆಗೆ ಆಸ್ಪತ್ರೆಯ ವಿಮಾ ಕೌಂಟರಿನಿಂದಲೇ ಮರುಪರಿಶೀಲನೆಯ ಕೋರಿಕೆ ಹೋಯಿತು. ಅದರಲ್ಲಿದ್ದದ್ದು ನಾಲ್ಕೇ ಸಂಗತಿಗಳು: ಪಾಲಿಸಿಯ ಆ ವ್ಯಾಖ್ಯೆಯ ಪುಟ, ಬಾಬ್ತುವಾರು ಬಿಲ್ಲು, ಕೃತಕ ಕೀಲಿನ ಖರೀದಿಯ ರಶೀದಿ ಮತ್ತು ಅದರ ಡಬ್ಬಿಯ ಮೇಲಿನ ಚೀಟಿ, ಕೊನೆಯದಾಗಿ 75,000ದಿಂದ ಕಳೆದ 30,000ವನ್ನು ಮರಳಿ ಸೇರಿಸಬೇಕೆಂಬ ಒಂದು ಸಾಲು. “ಕಡಿಮೆ ಕೊಟ್ಟಿದ್ದೀರಿ ಎಂದು ಬರೆದರೆ ಅವರು ಮತ್ತೆ ಹಳೆಯ ಉತ್ತರವನ್ನೇ ಕಳಿಸುತ್ತಾರೆ. ಯಾವ ಬಾಬ್ತು, ಎಷ್ಟು, ಯಾವ ಷರತ್ತು ಎಂದು ಬರೆದರೆ ನೋಡಲೇಬೇಕಾಗುತ್ತದೆ” ಎಂಬುದು ಅವರ ಅನುಭವದ ಮಾತು.

ಕಾಯುವ ಹೊತ್ತಿನಲ್ಲಿ ಇನ್ನೊಂದು ಭಯವಿತ್ತು. ಸಂಜೆಯಾದರೆ ಕೋಣೆಗೆ ಇನ್ನೊಂದು ದಿನದ ಬಾಡಿಗೆ ಬೀಳುವುದಿಲ್ಲವೇ ಎಂದು. ಈ ವಿಷಯದಲ್ಲಿ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ತಿಳಿದಿರಬೇಕಾದದ್ದು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ, ಬಿಡುಗಡೆಯ ವೇಳೆ ಆಸ್ಪತ್ರೆ ಕೋರಿದ ಮೂರು ಗಂಟೆಯೊಳಗೆ ಅಂತಿಮ ಮಂಜೂರಾತಿ ಬರಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ಹಣ ಹಾಕಿದರೆ ಅದನ್ನು ಕಂಪೆನಿಯೇ ಹೊರಬೇಕು ಎಂದು ಅದರಲ್ಲಿದೆ. ಆದುದರಿಂದ ಬಿಲ್ಲು ಕಳಿಸಿದ ಹೊತ್ತನ್ನೂ ಉತ್ತರ ಬಂದ ಹೊತ್ತನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮೊದಲ ಉತ್ತರ ಎರಡೂವರೆ ಗಂಟೆಯಲ್ಲಿ ಬಂದಿತ್ತು. ಸಮಯದ ಬಗ್ಗೆ ದೂರಲು ಕಾರಣವಿರಲಿಲ್ಲ.

ಐದು ಗಂಟೆಗೆ ತಿದ್ದಿದ ಮಂಜೂರಾತಿ ಬಂತು. 1,32,000. ನಮ್ಮ ಪಾಲು 43,000ಕ್ಕೆ ಇಳಿಯಿತು. ಮುಂಗಡ ಕಳೆದು 23,000 ಕಟ್ಟಿ ಅಮ್ಮನನ್ನು ಕರೆದುಕೊಂಡು ಹೊರಟೆವು. ಬಿಲ್ಲಿಂಗ್ ವಿಭಾಗದ ಆ ಮಹಿಳೆಗೆ ಈ ಕೆಲಸದಿಂದ ಲಾಭವೇನೂ ಇರಲಿಲ್ಲ. ಹಣ ನಾವು ಕೊಟ್ಟರೂ ಕಂಪೆನಿ ಕೊಟ್ಟರೂ ಆಸ್ಪತ್ರೆಗೆ ಬರುವುದು ಅಷ್ಟೇ. ಅಣ್ಣ ಕೈಮುಗಿದಾಗ ಅವರು, “ಎಲ್ಲರಿಗೂ ಕೂತು ಹೇಳುವಷ್ಟು ಸಮಯ ಇರುವುದಿಲ್ಲ ಸರ್. ಕೇಳಿದವರಿಗೆ ಹೇಳುತ್ತೇವೆ” ಎಂದಷ್ಟೇ ನುಡಿದರು. ಕೇಳದೆ ಹಣ ಕಟ್ಟಿ ಹೋದವರ ಸಂಖ್ಯೆ ಎಷ್ಟಿರಬಹುದೋ ಎಂದು ಆ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು.

ಎಲ್ಲರಿಗೂ ಅದೇ ದಿನ ಉತ್ತರ ಬರಲಿಕ್ಕಿಲ್ಲ. ಬಾರದಿದ್ದರೆ ರೋಗಿಯನ್ನು ಕೂರಿಸಿಕೊಂಡು ಕಾದಿರಲೂ ಆಗದು. ಆಗ ಹಣ ಕಟ್ಟಿ ಹೊರಟರೂ ಹಕ್ಕು ಹೋಗುವುದಿಲ್ಲ. ಬಾಬ್ತುವಾರು ಬಿಲ್ಲು, ಹಣ ಕಟ್ಟಿದ ರಶೀದಿ, ಕಡಿತದ ಕಾರಣಗಳಿರುವ ಕಂಪೆನಿಯ ಪತ್ರ, ಆಸ್ಪತ್ರೆಯ ದರಪಟ್ಟಿಯ ಪ್ರತಿ, ಇವನ್ನು ಕೇಳಿ ಪಡೆದುಕೊಳ್ಳಬೇಕು. ಮನೆಗೆ ಬಂದ ಮೇಲೆ ಕಂಪೆನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದ ಗಡುವಿದೆ.

ಗಡಿಯವರಾದ ನಮಗೆ ಇಲ್ಲೊಂದು ಗೊಂದಲ ಬರುವುದು ಸಹಜ. ಆಸ್ಪತ್ರೆ ಕರ್ನಾಟಕದ್ದು, ಮನೆ ಕೇರಳದ್ದು, ದೂರು ಎಲ್ಲಿಗೆ? ಚಿಕಿತ್ಸೆ ನಡೆದ ಊರು ಇದನ್ನು ತೀರ್ಮಾನಿಸುವುದಿಲ್ಲ. ಪಾಲಿಸಿದಾರರ ವಾಸಸ್ಥಳ ಅಥವಾ ಕಂಪೆನಿಯ ಶಾಖೆ ಯಾವ ಓಂಬುಡ್ಸ್‌ಮನ್ ವ್ಯಾಪ್ತಿಯಲ್ಲಿದೆ ಎಂಬುದೇ ಮುಖ್ಯ. ಕಾಸರಗೋಡಿನವರಿಗೆ ಅದು ಕೊಚ್ಚಿಯ ಕಚೇರಿ. ಮಂಗಳೂರಿನ ಆಸ್ಪತ್ರೆಯ ಬಿಲ್ಲೆಂದು ಬೆಂಗಳೂರಿಗೆ ಬರೆದು ತಿಂಗಳು ಕಳೆಯಬೇಕಾಗಿಲ್ಲ.

ಉಳಿದ 43,000ವನ್ನು ನಾವು ಅನ್ಯಾಯವೆಂದು ಹೇಳಲಾರೆವು. ಷರತ್ತಿನಲ್ಲಿ ಇದ್ದದ್ದೇ ನಡೆದಿದೆ. ಆದರೆ ಪಾಲಿಸಿ ಮಾರುವಾಗ ‘ಮೂರು ಲಕ್ಷ’ ಎಂಬ ಮಾತು ದೊಡ್ಡದಾಗಿ ಕೇಳುತ್ತದೆ, ‘ಶೇಕಡಾ ಒಂದು’ ಎಂಬ ಮಾತು ಯಾರ ಬಾಯಲ್ಲಿಯೂ ಬರುವುದಿಲ್ಲ. ಮೂರು ಲಕ್ಷ ಇನ್ನೂ ಮುಗಿಯದಿರುವಾಗಲೂ ಕೈಯಿಂದ ಹಣ ಹೋಗಬಹುದೆಂಬುದಕ್ಕೆ ಕಾರಣ ಆ ಶೇಕಡಾ ಒಂದು. ಅದನ್ನು ಬದಲಿಸುವ ದಾರಿ ನವೀಕರಣದ ಸಮಯದಲ್ಲಿ ಮಾತ್ರ ಇದೆ. ಐದು ಲಕ್ಷಕ್ಕೆ ಏರಿಸಿದರೆ ಅದೇ ಷರತ್ತಿನಲ್ಲಿ ದಿನಕ್ಕೆ 5,000ದ ಕೋಣೆ ದೊರೆಯುತ್ತದೆ. ಬಾಡಿಗೆಯ ಮಿತಿಯೇ ಇಲ್ಲದ ಪಾಲಿಸಿಗಳೂ ಇವೆ. ಆದರೆ ಹೆಚ್ಚಿಸಿದ ಮೊತ್ತಕ್ಕೆ ಕಾಯುವ ಅವಧಿ ಹೊಸದಾಗಿ ಆರಂಭವಾಗುತ್ತದೆ, ವಯಸ್ಸಾದವರಿಗೆ ಕಂತೂ ಏರುತ್ತದೆ, ವೈದ್ಯಕೀಯ ತಪಾಸಣೆಯನ್ನೂ ಕೇಳಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾಡುವ ಕೆಲಸ ಅದಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕೇಳಬಹುದಾದ ಪ್ರಶ್ನೆ ಒಂದಿದೆ. ‘ನಮಗೆ ದಿನಕ್ಕೆ ಇಷ್ಟು ರೂಪಾಯಿಯ ಕೋಣೆಗೆ ಅರ್ಹತೆ, ಈಗ ಇಲ್ಲದಿದ್ದರೆ ಅಂಥದು ಖಾಲಿಯಾದ ಕೂಡಲೇ ಕೊಡುತ್ತೀರಾ?’ ಎಂದು. ಹಾಗೆ ಕೇಳಲು ಆ ಅಂಕಿ ತಿಳಿದಿರಬೇಕು. ನಮ್ಮ ಮನೆಯಲ್ಲಿ ಈಗ ಪ್ರತಿಯೊಬ್ಬರ ವಿಮಾ ಕಾರ್ಡಿನ ಹಿಂಬದಿಗೆ ಒಂದು ಕಾಗದದ ತುಂಡು ಅಂಟಿಸಿದ್ದೇವೆ. ಅದರಲ್ಲಿ ದಿನದ ಬಾಡಿಗೆಯ ಮಿತಿ, ಟಿ.ಪಿ.ಎ.ಯ ಫೋನ್ ನಂಬರು, ಪಾಲಿಸಿಯಲ್ಲಿ ಕಡಿತದ ವ್ಯಾಖ್ಯೆ ಇರುವ ಪುಟದ ಸಂಖ್ಯೆ, ಇಷ್ಟು ಕನ್ನಡದಲ್ಲಿ ಬರೆದಿದೆ. ಅಮ್ಮ ತಮ್ಮ ಕಾರ್ಡನ್ನು ಕುಂಕುಮದ ಡಬ್ಬಿಯ ಬಳಿ ಇಟ್ಟುಕೊಂಡಿದ್ದಾರೆ. ನಡುರಾತ್ರಿ ಯಾರು ಕರೆದುಕೊಂಡು ಹೋದರೂ ಆ ಚೀಟಿ ಜತೆಗಿರುತ್ತದೆ.